ಸಂಪಿನಲ್ಲಿ ಎಷ್ಟು ನಿಮಿಷದ ನೀರಿದೆ?

ದೊಡ್ಡ ಅಪಾರ್ಟ್‌ಮೆಂಟ್ ಸಮುಚ್ಚಯವೊಂದರ ನಿವಾಸಿಗಳ ಸಂಘದವರನ್ನು ನಿಮ್ಮ ಸಂಪು ಎಷ್ಟು ದೊಡ್ಡದು ಎಂದು ಕೇಳಿ. ನಾಲ್ಕು ಲಕ್ಷ, ಐದು ಲಕ್ಷ ಎಂದು ಲೀಟರ್ ಲೆಕ್ಕದಲ್ಲಿ ಉತ್ತರ ಬರುತ್ತದೆ. ಅಡುಗೆಗೆ, ಸ್ನಾನಕ್ಕೆ, ಬಟ್ಟೆ ಒಗೆಯುವುದಕ್ಕೆ ಆ ಲೆಕ್ಕ ಸಾಕು. ಹನ್ನೆರಡನೇ ಮಹಡಿಯಲ್ಲಿ ಬೆಂಕಿ ಹೊತ್ತಿಕೊಂಡಾಗ ಮಾತ್ರ ಲೀಟರ್ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಆಗ ತಿಳಿಯಬೇಕಾದದ್ದು ಎರಡೇ. ಪಂಪು ಪೂರ್ಣ ವೇಗದಲ್ಲಿ ಓಡಿದರೆ ನೀರು ಎಷ್ಟು ನಿಮಿಷ ಬರುತ್ತದೆ? ಹತ್ತಿರದ ಹೈಡ್ರೆಂಟಿನಿಂದ ಎಳೆದ ಹೋಸ್ ಬೆಂಕಿಯ ಬಾಗಿಲಿಗೆ ಮುಟ್ಟುತ್ತದೆಯೇ?

ಬಹಳ ಜನ ಅಗ್ನಿಶಾಮಕ ದಳದ ವಾಹನವೇ ನೀರು ಹೊತ್ತು ತರುತ್ತದೆ ಎಂದುಕೊಂಡಿದ್ದಾರೆ. ತರುತ್ತದೆ ನಿಜ. ಆದರೆ ನಮ್ಮ ಊರುಗಳಲ್ಲಿ ಓಡಾಡುವ ಸಾಮಾನ್ಯ ವಾಟರ್ ಟೆಂಡರಿನಲ್ಲಿ ಹಿಡಿಯುವುದು ಸುಮಾರು 4,500 ಲೀಟರ್. 20 ಮಿಲಿಮೀಟರ್ ಬಾಯಿಯ ನಾಝಲ್‌ನಿಂದ, ಚದರ ಸೆಂಟಿಮೀಟರಿಗೆ ಮೂರೂವರೆ ಕಿಲೋ ಒತ್ತಡದಲ್ಲಿ ಚಿಮ್ಮುವ ನೀರು ನಿಮಿಷಕ್ಕೆ ಹತ್ತಿರ ಹತ್ತಿರ 500 ಲೀಟರ್. ಒಂದು ಹೋಸ್ ಹಿಡಿದರೆ ಒಂಬತ್ತು ನಿಮಿಷ, ಎರಡು ಹಿಡಿದರೆ ನಾಲ್ಕೂವರೆ ನಿಮಿಷ, ಅಷ್ಟಕ್ಕೆ ಗಾಡಿ ಖಾಲಿ. ಇನ್ನೊಂದು ಗಾಡಿ ಬರುವವರೆಗೆ ಬೆಂಕಿ ಕಾಯುವುದಿಲ್ಲ. ಎತ್ತರದ ಕಟ್ಟಡದಲ್ಲಿ ಬೆಂಕಿ ನಂದಿಸಲು ಬೇಕಾದ ನೀರು ಆ ಕಟ್ಟಡದ ಆವರಣದಲ್ಲೇ ನೆಲದಡಿ ಸದಾ ತಯಾರಿರಬೇಕು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವುದು ಇದೇ ಕಾರಣಕ್ಕೆ. ದಳದವರು ಆ ನೀರನ್ನೇ ನಂಬಿಕೊಂಡು ಒಳಗೆ ಬರುತ್ತಾರೆ.

ಲೆಕ್ಕ ಕಣ್ಣಿಗೆ ಕಟ್ಟಬೇಕಾದರೆ ಒಂದು ಸಮುಚ್ಚಯವನ್ನು ಕಲ್ಪಿಸಿಕೊಳ್ಳೋಣ. ನಾಲ್ಕು ಟವರು, ಒಂದೊಂದರಲ್ಲೂ ನೆಲಮಹಡಿ ಸೇರಿ ಹದಿನೈದು ಅಂತಸ್ತು, ಎತ್ತರ ಸುಮಾರು 45 ಮೀಟರ್. ಒಟ್ಟು 400 ಫ್ಲ್ಯಾಟು, ಮನೆಗೆ ಐವರಂತೆ 2,000 ಜನ. ಟವರುಗಳ ಸುತ್ತ ಒಂದು ಡ್ರೈವ್‌ವೇ, ಕೆಳಗೆ ಬೇಸ್‌ಮೆಂಟ್ ಪಾರ್ಕಿಂಗ್. ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಇಂಥ ಸಮುಚ್ಚಯಗಳು ಎಷ್ಟೋ ಇವೆ.

ಮೊದಲು ದಿನಬಳಕೆಯ ನೀರು. ತಲೆಗೆ ದಿನಕ್ಕೆ 135 ಲೀಟರ್ ಎಂಬುದು ರೂಢಿಯ ಲೆಕ್ಕ. ಅದರಲ್ಲಿ 45 ಲೀಟರ್ ಶೌಚಾಲಯದ ಫ್ಲಶ್‌ಗೆ ಹೋಗುತ್ತದೆ. ಶುದ್ಧೀಕರಣ ಘಟಕದ ನೀರನ್ನು ಫ್ಲಶ್‌ಗೆ ಬಿಡುವ ಕಟ್ಟಡದಲ್ಲಿ ಹೊಸ ನೀರು ಬೇಕಾದದ್ದು ತಲೆಗೆ 90 ಲೀಟರ್. 2,000 ಜನಕ್ಕೆ ದಿನಕ್ಕೆ 1,80,000 ಲೀಟರ್ ಆಯಿತು. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಕಡೆ ಎರಡು ದಿನದ ಸಂಗ್ರಹ ಇಟ್ಟುಕೊಳ್ಳುವುದು ಜಾಣತನ. ಅಂದರೆ 3,60,000 ಲೀಟರ್. ಬೆಂಕಿಯ ನೀರು ಈ ಅಂಕಿಯ ಒಳಗೆ ಇಲ್ಲ, ಇದರ ಮೇಲೆ ಬೇರೆಯಾಗಿ ಬರಬೇಕು. ಮಾರಾಟದ ಕರಪತ್ರದಲ್ಲಿ ‘ಐದು ಲಕ್ಷ ಲೀಟರ್ ಸಂಪು’ ಎಂದು ಬರೆದಿದ್ದರೆ ಅದರಲ್ಲಿ ಬೆಂಕಿಯ ಪಾಲು ಎಷ್ಟು, ಮನೆಯ ಪಾಲು ಎಷ್ಟು ಎಂದು ಬಿಡಿಸಿ ಕೇಳಬೇಕು. ಎರಡನ್ನೂ ಕೂಡಿಸಿ ಹೇಳಿದ ಅಂಕಿಯಿಂದ ಯಾವುದೂ ತಿಳಿಯುವುದಿಲ್ಲ.

ಇನ್ನು ಬೆಂಕಿಯ ಪಾಲು. ಬಹುಮಹಡಿ ವಸತಿ ಕಟ್ಟಡಗಳಲ್ಲಿ ನೆಲದಡಿಯ ಪಂಪಿಗೆ ನಿಮಿಷಕ್ಕೆ 2,280 ಲೀಟರ್ ಎಂಬ ಸಾಮರ್ಥ್ಯ ಬಹಳ ಕಡೆ ಕಾಣುತ್ತದೆ. ವಿದ್ಯುತ್ತಿನದೊಂದು, ಕರೆಂಟ್ ಹೋದರೆ ಓಡಲು ಅಷ್ಟೇ ಸಾಮರ್ಥ್ಯದ ಡೀಸೆಲ್ ಪಂಪೊಂದು, ಕೊಳವೆಯಲ್ಲಿ ಒತ್ತಡ ಇಳಿಯದಂತೆ ನೋಡಿಕೊಳ್ಳುವ ನಿಮಿಷಕ್ಕೆ 180 ಲೀಟರಿನ ಪುಟ್ಟ ಜಾಕಿ ಪಂಪು, ಈ ಮೂರು ಸೇರಿ ಒಂದು ಜೊತೆ. ಈಗ ಭಾಗಾಕಾರ ಮಾಡಿ. 75,000 ಲೀಟರಿನ ಟ್ಯಾಂಕಿಗೆ 2,280 ಲೀಟರಿನ ಪಂಪು ಹಾಕಿದರೆ ಸುಮಾರು 33 ನಿಮಿಷ. ವಸತಿ ಕಟ್ಟಡಗಳ ಕಾಗದಪತ್ರಗಳಲ್ಲಿ ಆಗಾಗ ಕಣ್ಣಿಗೆ ಬೀಳುವ 75,000 ಎಂಬ ಅಂಕಿಯನ್ನು ಹೀಗೆ ಅರ್ಧ ಗಂಟೆಯ ನೀರು ಎಂದು ಓದಬಹುದು. ನಿಮ್ಮ ಕಟ್ಟಡಕ್ಕೆ ಗೊತ್ತುಪಡಿಸಿದ ಖಚಿತ ಅಂಕಿ, ಎತ್ತರಕ್ಕೂ ಬಳಕೆಗೂ ತಕ್ಕಂತೆ, ಅಗ್ನಿಶಾಮಕ ಇಲಾಖೆ ಕೊಟ್ಟ ನಿರಾಕ್ಷೇಪಣಾ ಪತ್ರದಲ್ಲೇ ಇರುತ್ತದೆ. ಆ ಪತ್ರದ ಪ್ರತಿ ಸಂಘದ ಕಪಾಟಿನಲ್ಲಿ ಇಲ್ಲದಿದ್ದರೆ ಬಿಲ್ಡರ್ ಕಡೆಯಿಂದ ತರಿಸಿಕೊಳ್ಳಬೇಕು.

ಟ್ಯಾಂಕಿನ ಅಳತೆಯಲ್ಲಿ ಒಂದು ಮೋಸ ತಾನಾಗಿಯೇ ನುಸುಳುತ್ತದೆ. ನಮ್ಮ ಸಮುಚ್ಚಯದ ಬೆಂಕಿ ಟ್ಯಾಂಕ್ ಒಳ ಅಳತೆಯಲ್ಲಿ 10 ಮೀಟರ್ ಉದ್ದ, 5 ಮೀಟರ್ ಅಗಲ, 2 ಮೀಟರ್ ಆಳ ಇದೆ ಎಂದಿಟ್ಟುಕೊಳ್ಳಿ. ಗುಣಿಸಿದರೆ 1,00,000 ಲೀಟರ್. ನಕ್ಷೆಯಲ್ಲೂ ಅಷ್ಟೇ ಬರೆದಿರುತ್ತಾರೆ. ಆದರೆ ಯಾವ ಟ್ಯಾಂಕನ್ನೂ ಚಪ್ಪಡಿಗೆ ತಾಗುವಷ್ಟು ತುಂಬಿಸುವುದಿಲ್ಲ. ಓವರ್‌ಫ್ಲೋ ಕೊಳವೆ ಮೇಲಿನಿಂದ 30 ಸೆಂಟಿಮೀಟರ್ ಕೆಳಗಿದ್ದರೆ ಅಲ್ಲೇ 15,000 ಲೀಟರ್ ಹೋಯಿತು. ಕೆಳಗೂ ಹಾಗೆಯೇ. ಪಂಪು ನೀರು ಎಳೆಯುವ ಕೊಳವೆಯ ಬಾಯಿ ತಳಕ್ಕೆ ಅಂಟಿಕೊಂಡಿರುವುದಿಲ್ಲ. ನೀರು ಅದರ ಹತ್ತಿರಕ್ಕೆ ಇಳಿದಾಗ ಸುಳಿ ಎದ್ದು ಗಾಳಿ ಒಳಗೆ ಹೋಗುತ್ತದೆ, ಗಾಳಿ ಎಳೆದ ಪಂಪು ನೀರು ಬಿಟ್ಟುಕೊಡುವುದಿಲ್ಲ. ಹೀಗೆ ಕೆಳಗಿನ 25 ಸೆಂಟಿಮೀಟರ್ ನೀರು, ಅಂದರೆ 12,500 ಲೀಟರ್, ಇದ್ದೂ ಇಲ್ಲದ ಹಾಗೆ. ಕೈಗೆ ಸಿಗುವುದು 72,500 ಲೀಟರ್ ಮಾತ್ರ. ಲಕ್ಷ ಎಂದು ಹೇಳಿಕೊಳ್ಳುವ ಟ್ಯಾಂಕು 75,000ದ ಗೆರೆಯನ್ನೂ ಮುಟ್ಟಲಿಲ್ಲ. ತಳದಲ್ಲಿ ಪಂಪಿನ ಕೊಳವೆಗೆಂದೇ ಒಂದು ಗುಂಡಿ ಮಾಡಿ ಬಾಯಿಯನ್ನು ಅದರೊಳಗೆ ಇಳಿಸಿದ್ದರೆ ಕೆಳಗಿನ ನಷ್ಟದ ಬಹುಪಾಲು ಉಳಿಯುತ್ತಿತ್ತು. ಕಟ್ಟುವಾಗ ಅದೊಂದು ಸಣ್ಣ ಕೆಲಸ. ಕಟ್ಟಿದ ಮೇಲೆ ಟ್ಯಾಂಕು ಖಾಲಿ ಮಾಡಿ ತಳ ಒಡೆಯದೆ ಆಗುವುದಿಲ್ಲ.

ಇಲ್ಲಿಗೆ ಹೈಡ್ರೆಂಟುಗಳ ಅಂತರದ ಪ್ರಶ್ನೆ ಬಂದು ಸೇರುತ್ತದೆ. ಟ್ಯಾಂಕಿನ ಲೆಕ್ಕ ಒಬ್ಬರು, ಹೈಡ್ರೆಂಟಿನ ನಕ್ಷೆ ಇನ್ನೊಬ್ಬರು ಮಾಡುವುದೇ ಹೆಚ್ಚು. ಒಂದು ಇನ್ನೊಂದನ್ನು ಹೇಗೆ ಕದಲಿಸುತ್ತದೆ ಎಂದು ಯಾರೂ ಕೂತು ನೋಡುವುದಿಲ್ಲ. ಅದಕ್ಕೇ ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಹೈಡ್ರೆಂಟು ಎರಡು ಬಗೆ. ಡ್ರೈವ್‌ವೇ ಬದಿಯಲ್ಲಿ ಕೆಂಪು ಬಣ್ಣ ಬಳಿದುಕೊಂಡು ನಿಂತಿರುವುದು ಅಂಗಳದ ಹೈಡ್ರೆಂಟು. ಮೆಟ್ಟಿಲಿನ ಪಕ್ಕದಲ್ಲಿ ಪ್ರತಿ ಮಹಡಿಗೂ ಇರುವುದು ಒಳಗಿನ ಹೈಡ್ರೆಂಟು. ಇದನ್ನು ಲ್ಯಾಂಡಿಂಗ್ ವಾಲ್ವ್ ಎನ್ನುತ್ತಾರೆ. ನೆಲದಿಂದ ಮೇಲಕ್ಕೆ ಹೋಗಿ ಅದಕ್ಕೆ ನೀರು ಕೊಡುವ, ಸದಾ ನೀರು ತುಂಬಿರುವ ದಪ್ಪ ಕೊಳವೆಯೇ ವೆಟ್ ರೈಸರ್. ಎರಡೂ ಬಗೆಗೆ 63 ಮಿಲಿಮೀಟರಿನ ಬಾಯಿ, ಪಕ್ಕದ ಪೆಟ್ಟಿಗೆಯಲ್ಲಿ 15 ಮೀಟರ್ ಉದ್ದದ ಎರಡು ಹೋಸ್, ಒಂದು ನಾಝಲ್. ಎರಡು ಹೋಸ್ ಕೂಡಿಸಿದರೆ 30 ಮೀಟರ್. ಅಂತರದ ನಿಯಮಗಳೆಲ್ಲ ಈ 30ರ ಸುತ್ತಲೇ ತಿರುಗುತ್ತವೆ.

ಅಂಗಳದ ಹೈಡ್ರೆಂಟುಗಳಿಗೆ ಭಾರತೀಯ ಮಾನಕ ಐಎಸ್ 13039 ಇದೆ. ಕಡಿಮೆ ಅಪಾಯದ ಕಟ್ಟಡಗಳ ಸುತ್ತ 60 ಮೀಟರಿಗೊಂದು, ಮಧ್ಯಮ ಅಪಾಯದ ಕಡೆ 45 ಮೀಟರಿಗೊಂದು, ಹೆಚ್ಚಿನ ಅಪಾಯದ ಕಡೆ 30 ಮೀಟರಿಗೊಂದು ಎಂಬುದು ನಮ್ಮಲ್ಲಿ ಚಾಲ್ತಿಯಲ್ಲಿರುವ ಅಳತೆ. ಕಟ್ಟಡದ ಗೋಡೆಯಿಂದ ಎರಡು ಮೀಟರಿಗಿಂತ ಹತ್ತಿರ ಇಡಬಾರದು, ಏಕೆಂದರೆ ಒಡೆದ ಗಾಜು ಮೇಲಿನಿಂದ ಬೀಳುತ್ತದೆ, ಹೋಸ್ ಹಿಡಿದವರಿಗೆ ಝಳ ತಾಗುತ್ತದೆ. ಹದಿನೈದು ಮೀಟರಿಗಿಂತ ದೂರವೂ ಇಡಬಾರದು, ಹೋಸ್ ದಾರಿಯಲ್ಲೇ ಮುಗಿದುಹೋಗುತ್ತದೆ.

ವಸತಿ ಕಟ್ಟಡವನ್ನು ಕಡಿಮೆ ಅಪಾಯದ ಸಾಲಿಗೆ ಸೇರಿಸಿ 60 ಮೀಟರಿಗೊಂದು ಹಾಕಿದರೆ ಸಾಕಲ್ಲವೇ ಎಂದು ಕೆಲವರು ವಾದಿಸುತ್ತಾರೆ. ಹಾಕಿ ನೋಡೋಣ. ಎರಡು ಹೈಡ್ರೆಂಟುಗಳ ಸರಿನಡುವಿನ ಜಾಗ ಎರಡರಿಂದಲೂ 30 ಮೀಟರ್ ದೂರ. ಅಲ್ಲಿಂದ ಕಟ್ಟಡದ ಬಾಗಿಲು ಹತ್ತು ಮೀಟರ್ ಒಳಗಿದ್ದರೆ, ಹೋಸನ್ನು ಓರೆಯಾಗಿ, ದಾರದ ಹಾಗೆ ನೇರವಾಗಿ ಎಳೆದರೂ 31 ಮೀಟರಿಗಿಂತ ಹೆಚ್ಚು ಬೇಕು. ಪೆಟ್ಟಿಗೆಯಲ್ಲಿರುವುದು 30. ಬಾಗಿಲಿಗೇ ಮುಟ್ಟಲಿಲ್ಲ. ನಿಜವಾದ ಅಂಗಳದಲ್ಲಿ ಹೋಸ್ ನೇರವಾಗಿಯೂ ಹೋಗುವುದಿಲ್ಲ. ನಿಂತ ಕಾರುಗಳನ್ನು, ಹೂಕುಂಡಗಳನ್ನು, ಮಕ್ಕಳ ಜಾರುಬಂಡಿಯನ್ನು ಬಳಸಿ ಹೋಗುತ್ತದೆ. ಅದೇ 45 ಮೀಟರಿನ ಅಂತರ ಇಟ್ಟರೆ ನಡುವಿನ ಜಾಗಕ್ಕೆ 22.5 ಮೀಟರ್, ಬಾಗಿಲಿಗೆ ಓರೆಯಲ್ಲಿ 25 ಮೀಟರಿಗಿಂತ ತುಸು ಕಡಿಮೆ. ತಿರುವುಗಳಿಗೆ ಐದು ಮೀಟರ್ ಉಳಿಯುತ್ತದೆ. ಈ ಐದು ಮೀಟರಿಗಾಗಿ 45ನ್ನೇ ಗರಿಷ್ಠ ಎಂದು ಇಟ್ಟುಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮ ಸಮುಚ್ಚಯದ ಸುತ್ತಿನ ಕೊಳವೆ 150 ಮೀಟರ್ ಉದ್ದ, 90 ಮೀಟರ್ ಅಗಲದ ಆಯತ ಎಂದುಕೊಂಡರೆ ಸುತ್ತಳತೆ 480 ಮೀಟರ್. 60ರ ಲೆಕ್ಕದಲ್ಲಿ ಎಂಟು ಹೈಡ್ರೆಂಟು, 45ರ ಲೆಕ್ಕದಲ್ಲಿ ಹನ್ನೊಂದು. ವ್ಯತ್ಯಾಸ ಮೂರೇ ಮೂರು ಹೈಡ್ರೆಂಟು.

ಈ ಕೊಳವೆ ಸುತ್ತು ಪೂರ್ತಿಯಾಗಿ ಬಂದು ಕೂಡಿಕೊಂಡಿರಬೇಕು ಎಂಬುದನ್ನೂ ಇಲ್ಲೇ ಹೇಳಬೇಕು. ಒಂದು ಕಡೆಯಿಂದ ಹೊರಟು ಇನ್ನೊಂದು ತುದಿಯಲ್ಲಿ ಮುಚ್ಚಿಹೋದ ಕೊಳವೆ ಎಲ್ಲೋ ಒಡೆದರೆ ಅದರಾಚೆಗಿನ ಹೈಡ್ರೆಂಟುಗಳೆಲ್ಲ ಒಣಗುತ್ತವೆ. ಸುತ್ತುಕೊಳವೆಯಾದರೆ ನೀರು ಇನ್ನೊಂದು ದಿಕ್ಕಿನಿಂದ ಬರುತ್ತದೆ. ಒಡೆದ ತುಂಡನ್ನಷ್ಟೇ ಆಚೀಚಿನ ವಾಲ್ವ್ ಮುಚ್ಚಿ ಬೇರ್ಪಡಿಸಬಹುದು. ಆ ವಾಲ್ವ್‌ಗಳು ಎಲ್ಲೆಲ್ಲಿವೆ ಎಂದು ಕಾವಲಿನವರಿಗೂ ಪ್ಲಂಬರಿಗೂ ಗೊತ್ತಿರಬೇಕು. ಮಣ್ಣು ಮುಚ್ಚಿ ಹುಲ್ಲು ಬೆಳೆಸಿದ ಮೇಲೆ ಹುಡುಕುವುದು ಕಷ್ಟ.

ಒಳಗಿನ ಹೈಡ್ರೆಂಟಿಗೆ ಎರಡು ಅಳತೆ. ಪ್ರತಿ ಸಾವಿರ ಚದರ ಮೀಟರ್ ಮಹಡಿಗೆ ಒಂದು ರೈಸರ್ ಇರಬೇಕು, ಮತ್ತು ಆ ಮಹಡಿಯ ಯಾವ ಮೂಲೆಯೂ ಹೈಡ್ರೆಂಟಿನಿಂದ 30 ಮೀಟರಿಗಿಂತ ದೂರ ಇರಬಾರದು. ನಮ್ಮ ಟವರಿನ ಒಂದು ಮಹಡಿ 30 ಮೀಟರ್ ಉದ್ದ, 25 ಮೀಟರ್ ಅಗಲ, ಅಂದರೆ 750 ಚದರ ಮೀಟರ್. ಮೊದಲ ಅಳತೆಯಲ್ಲಿ ಒಂದು ರೈಸರ್ ಸಾಕು. ನಕ್ಷೆಯ ಮೇಲೆ ಕೈವಾರ ಇಟ್ಟು ವೃತ್ತ ಎಳೆದರೆ ಎರಡನೆಯದೂ ಸರಿಹೋದಂತೆ ಕಾಣುತ್ತದೆ. ಹೋಸ್ ಮಾತ್ರ ಗೋಡೆ ತೂರಿ ಹೋಗುವುದಿಲ್ಲ. ಮೆಟ್ಟಿಲ ಬಳಿಯಿಂದ ಕಾರಿಡಾರಿನ ಕೊನೆಗೆ 18 ಮೀಟರ್, ಅಲ್ಲಿ ತಿರುಗಿ ಫ್ಲ್ಯಾಟಿನ ಬಾಗಿಲು ದಾಟಿ, ಹಾಲ್ ದಾಟಿ, ಒಳಗಿನ ಮಲಗುವ ಕೋಣೆಯ ಮೂಲೆಗೆ ಇನ್ನೊಂದು 14. ಒಟ್ಟು 32 ಮೀಟರ್. ಬಾಗಿಲುಗಳ ಮೂಲಕ ನಡೆದು ಅಳೆದಾಗ ಮಾತ್ರ ಈ ಎರಡು ಮೀಟರ್ ಕಣ್ಣಿಗೆ ಬೀಳುತ್ತದೆ.

ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಬೆಂಕಿ ಬಿದ್ದ ಮಹಡಿಯ ಹೈಡ್ರೆಂಟಿಗೇ ದಳದವರು ಹೋಸ್ ಸಿಕ್ಕಿಸುವುದಿಲ್ಲ. ಅಲ್ಲಿ ಹೊಗೆ ತುಂಬಿರುತ್ತದೆ. ಒಂದು ಮಹಡಿ ಕೆಳಗೆ, ಗಾಳಿ ತಿಳಿಯಾಗಿರುವಲ್ಲಿ ಹೋಸ್ ಕೂಡಿಸಿ, ನೀರು ಬಿಟ್ಟುಕೊಂಡು ಮೆಟ್ಟಿಲು ಹತ್ತುವುದು ಅವರ ಸಾಮಾನ್ಯ ಕ್ರಮ. ಮೂರು ಮೀಟರ್ ಎತ್ತರದ ಒಂದು ಮಹಡಿ ಹತ್ತಲು ಮೆಟ್ಟಿಲ ತಿರುವು ಸೇರಿ ಏಳೆಂಟು ಮೀಟರ್ ಹೋಸ್ ಬೇಕು. ಉಳಿಯುವುದು 22. ನಕ್ಷೆಯಲ್ಲಿ 30 ಮೀಟರ್ ಎಂದು ಸರಿಹೋಗಿದ್ದ ಮನೆ ಈಗ ದೂರವಾಯಿತು. ದಳದವರು ತಮ್ಮ ಹೋಸ್ ತಂದಿರುತ್ತಾರೆ, ಜೋಡಿಸಿಕೊಳ್ಳುತ್ತಾರೆ. ಜೋಡಿಸಲು ಹಿಡಿಯುವ ಸಮಯ ಮಾತ್ರ ಬೆಂಕಿಯ ಪಾಲಿಗೆ ಹೋಗುತ್ತದೆ. ನಮ್ಮ ಟವರಿಗೆ ಎರಡು ಮೆಟ್ಟಿಲುಗಳಿವೆ. ಎರಡರ ಪಕ್ಕದಲ್ಲೂ ಒಂದೊಂದು ರೈಸರ್ ಹಾಕಿದರೆ ಯಾವ ಮನೆಯೂ ಯಾವುದಾದರೊಂದು ಹೈಡ್ರೆಂಟಿನಿಂದ ಸುಮಾರು 20 ಮೀಟರಿನೊಳಗೆ ಬರುತ್ತದೆ. ಒಂದು ಮೆಟ್ಟಿಲು ಹೊಗೆಯಿಂದ ಮುಚ್ಚಿಹೋದರೂ ಇನ್ನೊಂದು ಕಡೆಯಿಂದ ನೀರು ಬರುತ್ತದೆ. ಎರಡು ರೈಸರ್ ಹಾಕುವುದೇ ಸರಿ.

ಈಗ ಎಣಿಸಿ. ನಾಲ್ಕು ಟವರು, ಹದಿನೈದು ಅಂತಸ್ತು, ಎರಡೆರಡು ರೈಸರ್, ಒಳಗೇ 120 ಹೈಡ್ರೆಂಟು. ಅಂಗಳದ ಹನ್ನೊಂದು ಸೇರಿ 131. ನೂರು ಹೈಡ್ರೆಂಟಿಗೆ ಅಥವಾ ಅದರ ಭಾಗಕ್ಕೆ ಒಂದು ಜೊತೆ ಪಂಪು, ಗರಿಷ್ಠ ಎರಡು ಜೊತೆ ಎಂದು ಕಟ್ಟಡ ಸಂಹಿತೆಯ ಟಿಪ್ಪಣಿ ಹೇಳುತ್ತದೆ. ಒಂದೊಂದೇ ರೈಸರ್ ಇದ್ದಿದ್ದರೆ 71 ಹೈಡ್ರೆಂಟು, ಒಂದು ಜೊತೆ ಪಂಪು ಸಾಕಿತ್ತು. ಈಗ ಎರಡು ಜೊತೆ ಬೇಕು. ಎರಡೂ ಒಟ್ಟಿಗೆ ಓಡಿದರೆ ನಿಮಿಷಕ್ಕೆ 4,560 ಲೀಟರ್. ನಮ್ಮ ಟ್ಯಾಂಕಿನಲ್ಲಿ ಕೈಗೆ ಸಿಗುವ ನೀರು 72,500. ಹದಿನಾರು ನಿಮಿಷಕ್ಕೆ ಮುಗಿಯಿತು.

ಹೈಡ್ರೆಂಟುಗಳನ್ನು ಹತ್ತಿರ ಹತ್ತಿರ ಇಟ್ಟು ಒಳ್ಳೆಯದು ಮಾಡಿದೆವು. ಅದರ ಹಿಂದೆ ಪಂಪು ಇಮ್ಮಡಿಯಾಯಿತು. ಟ್ಯಾಂಕು ಮಾತ್ರ ಹಳೆಯ ಅಂಕಿಯಲ್ಲೇ ಉಳಿಯಿತು. ಕೋಷ್ಟಕದ ಕನಿಷ್ಠ ಅಂಕಿಯನ್ನು ಪಾಲಿಸಿದ್ದೇವೆ ಎಂದು ಕಾಗದದಲ್ಲಿ ತೋರಿಸಬಹುದು. ಕನಿಷ್ಠ ಎಂದರೆ ಅದಕ್ಕಿಂತ ಕೆಳಗೆ ಇಳಿಯಬಾರದು ಎಂದಷ್ಟೇ. ಪಂಪುಗಳು ಪೂರ್ಣ ವೇಗದಲ್ಲಿ ಓಡಿದರೂ ಅರ್ಧ ಗಂಟೆ ನೀರು ಇರಬೇಕಾದರೆ ಇಲ್ಲಿ ಬೇಕಾದದ್ದು ಸುಮಾರು 1,37,000 ಲೀಟರ್ ಬಳಕೆಗೆ ಸಿಗುವ ನೀರು. ಮೇಲೆ ಕೆಳಗೆ ಹೋಗುವ ಪಾಲು ಸೇರಿಸಿದರೆ 1,70,000 ಲೀಟರಿನಷ್ಟು ಕಟ್ಟಬೇಕು. ಬೇಸ್‌ಮೆಂಟಿನಲ್ಲಿ ಸ್ಪ್ರಿಂಕ್ಲರ್ ಇದ್ದು ಅದೂ ಇದೇ ಟ್ಯಾಂಕಿನಿಂದ ನೀರು ಎಳೆಯುವುದಾದರೆ ಅದನ್ನೂ ಕೂಡಿಸಬೇಕು. ವಾಡಿಕೆಯ ಸ್ಪ್ರಿಂಕ್ಲರ್ ತಲೆಯೊಂದು ಒಂದು ಕಿಲೋ ಒತ್ತಡದಲ್ಲಿ ನಿಮಿಷಕ್ಕೆ 80 ಲೀಟರ್ ಸುರಿಸುತ್ತದೆ. ಹತ್ತು ತಲೆ ತೆರೆದುಕೊಂಡರೆ ಅರ್ಧ ಗಂಟೆಗೆ 24,000 ಲೀಟರ್. ಇದೆಲ್ಲ ಸೇರಿ ಎರಡು ಲಕ್ಷದ ಹತ್ತಿರ ಬರುತ್ತದೆ. ಇಂಥ ಸಮುಚ್ಚಯಕ್ಕೆ ನಾನಾದರೆ ಅಷ್ಟನ್ನೇ ಕೇಳುತ್ತೇನೆ.

ಖಾಲಿಯಾಗುತ್ತಿರುವಾಗ ಹೊಸ ನೀರು ಬಂದು ಸೇರುವುದಿಲ್ಲವೇ? ನೆಲದಡಿಯ ಬೆಂಕಿ ಟ್ಯಾಂಕಿಗೆ ನಿಮಿಷಕ್ಕೆ 1,000 ಲೀಟರಿನಂತೆ ಮರುಪೂರಣ ಇರಬೇಕೆಂದು ಸಂಹಿತೆ ಬಯಸುತ್ತದೆ. ಅಷ್ಟು ನೀರು ಕೊಡುವ ನಲ್ಲಿ ನಮ್ಮ ಬಡಾವಣೆಗಳಲ್ಲಿ ಎಲ್ಲಿದೆ? 12,000 ಲೀಟರಿನ ಟ್ಯಾಂಕರ್ ಹನ್ನೆರಡು ನಿಮಿಷಕ್ಕೊಂದು ಬಂದು ಸುರಿದರೆ ಆ ಲೆಕ್ಕ ಕೂಡುತ್ತದೆ. ಬೆಂಗಳೂರಿನ ರಸ್ತೆಯಲ್ಲಿ ಅದನ್ನು ನಂಬಿ ಕೂರುವಂತಿಲ್ಲ. ಹಾಗಾಗಿ ಟ್ಯಾಂಕಿನಲ್ಲಿ ಇರುವುದನ್ನೇ ಪೂರ್ತಿ ನೀರು ಎಂದು ಲೆಕ್ಕ ಹಿಡಿಯಬೇಕು.

ನೀರಿನ ಅಭಾವದ್ದೇ ಇನ್ನೊಂದು ಮುಖವಿದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಒಣಗಿ, ಟ್ಯಾಂಕರ್ ಸಿಗದೆ ಜನ ಪರದಾಡಿದ್ದು ಎಲ್ಲರಿಗೂ ನೆನಪಿದೆ. ಮನೆಯ ಸಂಪು ತಳ ಕಂಡಾಗ ಪಕ್ಕದಲ್ಲೇ ತುಂಬಿ ನಿಂತ ಲಕ್ಷ ಲೀಟರ್ ಕಡೆಗೆ ಕಣ್ಣು ಹೋಗುವುದು ಸಹಜ. ಎರಡೂ ಟ್ಯಾಂಕುಗಳ ನಡುಗೋಡೆಯ ಬುಡದಲ್ಲಿ ವಾಲ್ವ್ ಇರುವ ಕೊಳವೆಯೊಂದಿದ್ದರೆ ಕೆಲಸ ಇನ್ನೂ ಸುಲಭ. ‘ಇವತ್ತೊಂದು ದಿನ, ನಾಳೆ ತುಂಬಿಸೋಣ’ ಎಂದು ತೆರೆದ ಆ ವಾಲ್ವ್ ಮಳೆಗಾಲದವರೆಗೂ ತೆರೆದೇ ಉಳಿಯುತ್ತದೆ. ಬೇಸಿಗೆಯೇ ಎಸಿಗಳು ಹಗಲಿರುಳು ಓಡಿ ವೈರು ಕಾಯುವ ಕಾಲವೂ ಹೌದು.

ಇದಕ್ಕೆ ಸಂಹಿತೆ ಹೇಳುವ ಪರಿಹಾರ ಬಹಳ ಸರಳ. ಹೊರಗಿನಿಂದ ಬರುವ ನೀರು ಮೊದಲು ಬೆಂಕಿ ಟ್ಯಾಂಕಿಗೆ ಬೀಳಬೇಕು. ಅದು ತುಂಬಿ, ಮೇಲಿನ ಅಂಚಿನಿಂದ ಉಕ್ಕಿದ ನೀರು ಮಾತ್ರ ಮನೆಬಳಕೆಯ ಸಂಪಿಗೆ ಹೋಗಬೇಕು. ಹೀಗೆ ಮಾಡಿದರೆ ಬೆಂಕಿಯ ನೀರು ಯಾವಾಗಲೂ ಅಂಚಿನ ಮಟ್ಟದಲ್ಲಿರುತ್ತದೆ; ದಿನವೂ ಹೊಸ ನೀರು ಹರಿದುಹೋಗುವುದರಿಂದ ಕೊಳೆತು ನಾರುವುದೂ ಇಲ್ಲ. ಬುಡದಲ್ಲಿ ಯಾವ ಸಂಪರ್ಕವೂ ಇರಬಾರದು, ಇದ್ದರೆ ಕಾಂಕ್ರೀಟು ಹಾಕಿ ಮುಚ್ಚಿಸಬೇಕು. ಎಷ್ಟೋ ಕಡೆ ಕಟ್ಟುವಾಗ ಉಲ್ಟಾ ಮಾಡಿರುತ್ತಾರೆ. ನೀರು ಮೊದಲು ಮನೆಯ ಸಂಪಿಗೆ ಬಿದ್ದು, ಬೆಂಕಿ ಟ್ಯಾಂಕಿಗೆ ಯಾರೋ ನೆನಪಾದಾಗ ವಾಲ್ವ್ ತಿರುಗಿಸಿ ಬಿಡುತ್ತಾರೆ. ನಿಮ್ಮಲ್ಲಿ ಹೇಗಿದೆ ಎಂದು ತಿಳಿಯಲು ಟ್ಯಾಂಕರ್ ಬಂದಾಗ ಅದರ ಹೋಸ್ ಯಾವ ಮ್ಯಾನ್‌ಹೋಲಿಗೆ ಇಳಿಯುತ್ತದೆ ಎಂದು ನೋಡಿದರೆ ಸಾಕು.

ಟ್ಯಾಂಕಿನ ಮೇಲ್ಚಪ್ಪಡಿ ಡ್ರೈವ್‌ವೇಯ ಭಾಗವಾಗಿದ್ದರೆ ಅದು 45 ಟನ್ ಭಾರದ ವಾಹನವನ್ನು ಹೊರುವಂತಿರಬೇಕು. ದಳದ ಗಾಡಿ ನಿಲ್ಲಬೇಕಾದ ಜಾಗವೂ ಅದೇ, ಏಕೆಂದರೆ ನಿಮ್ಮ ಪಂಪು ಕೈಕೊಟ್ಟರೆ ಅವರು ತಮ್ಮ ಪಂಪಿನಿಂದ ಟ್ಯಾಂಕಿನ ನೀರನ್ನು ಎಳೆದುಕೊಳ್ಳುತ್ತಾರೆ. ಗೇಟಿನ ಹತ್ತಿರ ಕೆಂಪು ಪೆಟ್ಟಿಗೆಯೊಳಗೆ ನಾಲ್ಕು ಬಾಯಿಗಳ ಒಂದು ಜೋಡಣೆ ಇರುತ್ತದೆ. ಹೊರಗಿನ ಗಾಡಿಗಳು ಅದರ ಮೂಲಕ ಟ್ಯಾಂಕಿಗೆ ನೀರು ತುಂಬುತ್ತವೆ. ಈ ಎರಡರ ಮುಂದೆಯೂ ಕಾರು ನಿಲ್ಲಿಸಬಾರದು.

ಒತ್ತಡದ ಮಾತು ಬಿಟ್ಟರೆ ಲೆಕ್ಕ ಅರೆಬರೆಯಾಗುತ್ತದೆ. ಅತಿ ದೂರದ, ಅತಿ ಎತ್ತರದ ಹೈಡ್ರೆಂಟಿನಲ್ಲಿ ಮೂರೂವರೆ ಕಿಲೋ ಒತ್ತಡ ಸಿಗಬೇಕು. 45 ಮೀಟರ್ ಮೇಲಕ್ಕೆ ತಳ್ಳಲು ನಾಲ್ಕೂವರೆ, ಕೊಳವೆಯ ಉಜ್ಜುವಿಕೆಗೆ ಒಂದು, ತುದಿಯಲ್ಲಿ ಮೂರೂವರೆ, ಒಟ್ಟು ಒಂಬತ್ತು ಕಿಲೋ ಒತ್ತಡದ ಪಂಪು ಬೇಕು. ಹಾಗಾದಾಗ ನೆಲಮಹಡಿಯ ಹೈಡ್ರೆಂಟಿನಲ್ಲಿ ಎಂಟಕ್ಕೂ ಹೆಚ್ಚು ಒತ್ತಡ ಉಳಿಯುತ್ತದೆ. ಏಳು ಕಿಲೋ ಒತ್ತಡದಲ್ಲೇ 20 ಮಿಲಿಮೀಟರಿನ ನಾಝಲ್ ಹಿಡಿದವನನ್ನು ಸುಮಾರು 45 ಕಿಲೋ ಬಲದಿಂದ ಹಿಂದಕ್ಕೆ ತಳ್ಳುತ್ತದೆ. ಒಬ್ಬರ ಕೈಯಲ್ಲಿ ನಿಲ್ಲುವುದಿಲ್ಲ. ಕೆಳಗಿನ ಮಹಡಿಗಳ ವಾಲ್ವ್‌ಗಳಲ್ಲಿ ಒತ್ತಡ ತಗ್ಗಿಸುವ ತೂತುಬಿಲ್ಲೆ ಹಾಕುವುದು ಇದಕ್ಕೇ. ನಿವಾಸಿಗಳು ತಾವಾಗಿ ಈ ಹೋಸ್ ಮುಟ್ಟದಿರುವುದೇ ಒಳ್ಳೆಯದು. ಪಕ್ಕದಲ್ಲಿ ಸುರುಳಿ ಸುತ್ತಿದ ತೆಳು ರಬ್ಬರ್ ಕೊಳವೆ ಇರುತ್ತದೆಯಲ್ಲ, ಹೋಸ್ ರೀಲು, ಅದು ಅವರಿಗಾಗಿ ಇರುವುದು.

ಇದನ್ನೆಲ್ಲ ಪರೀಕ್ಷಿಸಿ ನೋಡುವ ದಾರಿ ಸಾಮಾನ್ಯ ನಿವಾಸಿಗಳಿಗೂ ಇದೆ. ನಮ್ಮ ಟ್ಯಾಂಕಿನ ತಳ 50 ಚದರ ಮೀಟರ್, ಹಾಗಾಗಿ ನೀರಿನ ಮಟ್ಟ ಒಂದು ಸೆಂಟಿಮೀಟರ್ ಇಳಿದರೆ 500 ಲೀಟರ್ ಹೋದಂತೆ. ನಿರ್ವಹಣೆಯ ಗುತ್ತಿಗೆದಾರರನ್ನು ಕರೆದು, ಮೇಲಿನ ಮಹಡಿಯ ಅತಿ ದೂರದ ಹೈಡ್ರೆಂಟಿಗೆ ಒತ್ತಡಮಾಪಕ ಸಿಕ್ಕಿಸಿ, ಕೆಳಗೆ ಅಂಗಳದ ಎರಡು ಹೈಡ್ರೆಂಟಿಗೆ ನಾಝಲ್ ಹಾಕಿ ತೋಟಕ್ಕೆ ಐದು ನಿಮಿಷ ನೀರು ಬಿಡಿಸಿ. ಮೂರು ಸಂಗತಿ ಗೊತ್ತಾಗುತ್ತವೆ. ಒತ್ತಡ ಇಳಿದ ಕೂಡಲೇ ಪಂಪು ತಾನಾಗಿ ಶುರುವಾಗಬೇಕು. ಯಾರೋ ಓಡಿಹೋಗಿ ಗುಂಡಿ ಒತ್ತಬೇಕಾಯಿತೆಂದರೆ ಅದರ ಸ್ವಿಚ್ಚು ಮ್ಯಾನ್ಯುಯಲ್‌ನಲ್ಲಿದೆ. ನೀರು ಹರಿಯುತ್ತಿರುವಾಗಲೂ ಮೇಲಿನ ಮಾಪಕ ಮೂರೂವರೆಗಿಂತ ಕೆಳಗೆ ಇಳಿಯಬಾರದು. ಟ್ಯಾಂಕಿನ ಮಟ್ಟ ಕನಿಷ್ಠ ಹತ್ತು ಸೆಂಟಿಮೀಟರ್ ಇಳಿಯಬೇಕು. ಕಡಿಮೆ ಇಳಿದರೆ ಪಂಪು ಹೇಳಿದಷ್ಟು ನೀರು ಎತ್ತುತ್ತಿಲ್ಲ, ಅಥವಾ ಎಲ್ಲೋ ವಾಲ್ವ್ ಅರ್ಧ ಮುಚ್ಚಿದೆ. ಮತ್ತೊಮ್ಮೆ ಕರೆಂಟ್ ಆಫ್ ಮಾಡಿಸಿ ಇದನ್ನೇ ಮಾಡಿದರೆ ಡೀಸೆಲ್ ಪಂಪಿನ ಬ್ಯಾಟರಿ ಜೀವಂತ ಇದೆಯೋ ಇಲ್ಲವೋ ತಿಳಿಯುತ್ತದೆ. ಜಾಕಿ ಪಂಪು ಯಾರೂ ನೀರು ಬಳಸದಿದ್ದರೂ ಕೆಲವು ನಿಮಿಷಕ್ಕೊಮ್ಮೆ ಓಡುತ್ತಿದ್ದರೆ ಸುತ್ತುಕೊಳವೆ ನೆಲದಡಿ ಎಲ್ಲೋ ಸೋರುತ್ತಿದೆ ಎಂದರ್ಥ.

ಹೋಸ್ ಪೆಟ್ಟಿಗೆಗಳನ್ನೂ ತೆರೆದು ನೋಡಬೇಕು. ನಾಝಲ್ ಗನ್‌ಮೆಟಲ್‌ನದಾದರೆ ಗುಜರಿಯಲ್ಲಿ ಬೆಲೆ ಬರುತ್ತದೆ, ಕಳುವಾಗುತ್ತದೆ. ನಾಝಲ್ ಇಲ್ಲದ ಹೋಸಿನಿಂದ ನೀರು ಸುರಿಯುತ್ತದೆಯೇ ಹೊರತು ಚಿಮ್ಮುವುದಿಲ್ಲ.

ನಿಮ್ಮ ಸಂಘದ ಮುಂದಿನ ಸಭೆಗೆ ಮೊದಲು ಇಷ್ಟು ಮಾಡಿ. ಒಂದು 30 ಮೀಟರಿನ ಹಗ್ಗ ತೆಗೆದುಕೊಳ್ಳಿ. ಒಂದು ತುದಿಯನ್ನು ನಿಮ್ಮ ಕೆಳಗಿನ ಮಹಡಿಯ ಹೈಡ್ರೆಂಟಿಗೆ ಕಟ್ಟಿ, ಮೆಟ್ಟಿಲು ಹತ್ತಿ, ಬಾಗಿಲು ದಾಟಿ, ನಿಮ್ಮ ಮನೆಯ ಅತಿ ಒಳಗಿನ ಕೋಣೆಯವರೆಗೆ ಎಳೆಯಿರಿ. ಆಮೇಲೆ ಪಂಪ್‌ರೂಮಿಗೆ ಇಳಿದು, ಬೆಂಕಿ ಟ್ಯಾಂಕಿನಲ್ಲಿ ಕೈಗೆ ಸಿಗುವ ನೀರನ್ನು ಪಂಪಿನ ಮೇಲೆ ಬರೆದ ಅಂಕಿಯಿಂದ ಭಾಗಿಸಿ. ಹಗ್ಗ ಎಲ್ಲಿಗೆ ಮುಗಿಯಿತು, ನಿಮಿಷ ಎಷ್ಟು ಬಂತು, ಎರಡನ್ನೂ ಸಭೆಯ ನಡಾವಳಿಯಲ್ಲಿ ಬರೆಸಿ, ನಿರಾಕ್ಷೇಪಣಾ ಪತ್ರದ ಅಂಕಿಯ ಪಕ್ಕದಲ್ಲಿಟ್ಟು ಬಿಲ್ಡರನ್ನೂ ಅಗ್ನಿಶಾಮಕ ಠಾಣೆಯವರನ್ನೂ ಕೇಳಿ.